ಹಿಮ್ಮೈ ಅರ್ಧ ಬಿಸಿಯಾಗುವ ಹೊತ್ತು: ಒಂದು ಕಲ್ಲಿನ ಬಿಲ್ಲೆಯ ಉಷ್ಣ ವಿಸರಣತೆಯನ್ನು ಅಳೆದ ಬಗೆ

ಮಡಿಕೇರಿಯಲ್ಲಿ ನಮ್ಮ ನೆರೆಯವರಾದ ಕಾಫಿ ಬೆಳೆಗಾರರೊಬ್ಬರು ಹಳೆಯ ಸಿಮೆಂಟ್ ಕಣದ ಒಂದು ಭಾಗಕ್ಕೆ ಕಲ್ಲು ಹಾಸಬೇಕೆಂದಿದ್ದರು. ಡಿಸೆಂಬರ್ ಬಿಸಿಲಿನಲ್ಲಿ ಕಾಯಿಸಿದ ಶಾಖ ಕಲ್ಲಿನೊಳಗೆ ಎಷ್ಟು ಬೇಗ ಇಳಿಯುತ್ತದೆ, ಸಿಮೆಂಟಿನೊಳಗೆ ಎಷ್ಟು ಬೇಗ ಇಳಿಯುತ್ತದೆ ಎಂಬುದು ಅವರ ಪ್ರಶ್ನೆಯಾಗಿತ್ತು. ಕುಶಾಲನಗರದ ಕಲ್ಲಿನ ಅಂಗಡಿಯಿಂದ ತಂದ ಬೂದು ಕಲ್ಲಿನ ತುಂಡೊಂದನ್ನು ಅವರು ನನ್ನ ಮೇಜಿನ ಮೇಲಿಟ್ಟು ಹೋದರು. ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುವ ನಾನು ವಿದ್ಯಾರ್ಥಿಗಳ ಜೊತೆ ಸೇರಿ ಆ ತುಂಡಿನ ಉಷ್ಣ ವಿಸರಣತೆಯನ್ನು ಅಳೆದೆ. ಅಳತೆಯ ಸೂತ್ರ ಒಂದೇ ಸಾಲಿನದು. ಆದರೆ ಆ ಸಾಲನ್ನು ನಂಬುವ ಮೊದಲು ಸರಿಪಡಿಸಬೇಕಾದ ಎರಡು ತಪ್ಪುಗಳಿವೆ, ಮತ್ತು ಅವನ್ನು ಸರಿಪಡಿಸುವ ಕ್ರಮ ತಿರುವುಮುರುವಾದರೆ ಉತ್ತರ ಮೊದಲಿಗಿಂತ ಹೆಚ್ಚು ಕೆಡುತ್ತದೆ. ಈ ಲೇಖನ ಮುಖ್ಯವಾಗಿ ಆ ಕ್ರಮವನ್ನು ಕುರಿತದ್ದು.

ಉಷ್ಣ ವಿಸರಣತೆ ಎಂದರೆ ವಸ್ತುವಿನ ಒಂದು ಕಡೆ ಆದ ತಾಪದ ಬದಲಾವಣೆ ಅದರೊಳಗೆ ಎಷ್ಟು ಬೇಗ ಹರಡುತ್ತದೆ ಎಂಬುದನ್ನು ಹೇಳುವ ಗುಣ. ಉಷ್ಣವಾಹಕತೆಯನ್ನು ಸಾಂದ್ರತೆ ಮತ್ತು ವಿಶಿಷ್ಟೋಷ್ಣಗಳ ಗುಣಲಬ್ಧದಿಂದ ಭಾಗಿಸಿದರೆ ಅದು ಸಿಗುತ್ತದೆ. ಶಾಖವನ್ನು ಚೆನ್ನಾಗಿ ಸಾಗಿಸುವ ವಸ್ತುವಾದರೂ, ಒಂದು ಡಿಗ್ರಿ ಬಿಸಿಯಾಗಲು ತಾನೇ ಬಹಳ ಶಾಖವನ್ನು ನುಂಗಿಕೊಳ್ಳುವಂತಿದ್ದರೆ ಬಿಸಿ ಅದರೊಳಗೆ ನಿಧಾನವಾಗಿಯೇ ಮುಂದೆ ಸಾಗುತ್ತದೆ. ಈ ಗುಣದ ಏಕಮಾನ ಚದರ ಮಿಲಿಮೀಟರ್ ಪ್ರತಿ ಸೆಕೆಂಡ್. ಏಕಮಾನದಲ್ಲಿಯೇ ಒಂದು ಸುಳಿವಿದೆ: ದಪ್ಪದ ವರ್ಗವನ್ನು ಕಾಲದಿಂದ ಭಾಗಿಸಿದರೆ ಇದೇ ಏಕಮಾನ ಬರುತ್ತದೆ. ಅಂದರೆ ಗೊತ್ತಿರುವ ದಪ್ಪದ ಹಲಗೆಯೊಂದನ್ನು ಬಿಸಿ ದಾಟಲು ಹಿಡಿಯುವ ಹೊತ್ತನ್ನು ಅಳೆದರೆ ಸಾಕು, ಉಷ್ಣ ವಿಸರಣತೆ ಸಿಗಬೇಕು.

ಈ ವಿಚಾರವನ್ನು ಅಚ್ಚುಕಟ್ಟಾದ ಪ್ರಯೋಗವಾಗಿ ರೂಪಿಸಿದವರು ಪಾರ್ಕರ್, ಜೆಂಕಿನ್ಸ್, ಬಟ್ಲರ್ ಮತ್ತು ಅಬಾಟ್. ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ಅಮೆರಿಕದ ನೌಕಾಪಡೆಯ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದ ಈ ನಾಲ್ವರು 1961ರಲ್ಲಿ ತಮ್ಮ ವಿಧಾನವನ್ನು ಪ್ರಕಟಿಸಿದರು. ತೆಳುವಾದ ಬಿಲ್ಲೆಯೊಂದರ ಮುಮ್ಮೈ ಮೇಲೆ ಫ್ಲ್ಯಾಶ್ ದೀಪದಿಂದ ಕ್ಷಣಮಾತ್ರದ ಬೆಳಕು ಹಾಯಿಸಿ, ಹಿಮ್ಮೈಯ ತಾಪ ಏರುವುದನ್ನು ಕಾಲದೊಂದಿಗೆ ದಾಖಲಿಸುವುದೇ ಆ ವಿಧಾನ. ಇಂದು ಫ್ಲ್ಯಾಶ್ ದೀಪದ ಬದಲು ಹೆಚ್ಚಾಗಿ ಲೇಸರ್ ಬಳಸುತ್ತಾರೆ, ಆದ್ದರಿಂದ ಇದಕ್ಕೆ ಲೇಸರ್ ಫ್ಲ್ಯಾಶ್ ವಿಧಾನ ಎಂಬ ಹೆಸರೂ ಬಂದಿದೆ. ಲೆಕ್ಕದ ತಿರುಳು ಮಾತ್ರ ಬದಲಾಗಿಲ್ಲ.

ಬೆಳಕು ಬಿದ್ದ ಕ್ಷಣದಲ್ಲಿ ಶಾಖವೆಲ್ಲ ಮುಮ್ಮೈಯ ತೆಳು ಪದರದಲ್ಲಿರುತ್ತದೆ, ಹಿಮ್ಮೈಗೆ ಏನೂ ತಿಳಿದಿರುವುದಿಲ್ಲ. ಸ್ವಲ್ಪ ಹೊತ್ತು ಹಿಮ್ಮೈ ಕದಲದೆ ಇದ್ದು, ಆಮೇಲೆ ಚುರುಕಾಗಿ ಏರತೊಡಗಿ, ಕೊನೆಗೆ ಇಡೀ ಬಿಲ್ಲೆ ಒಂದೇ ತಾಪಕ್ಕೆ ಬಂದಾಗ ಸಮತಟ್ಟಾಗಿ ನಿಲ್ಲುತ್ತದೆ. ಆ ಕೊನೆಯ ಏರಿಕೆಯನ್ನು 1 ಎಂದು ಇಟ್ಟುಕೊಂಡು, ಯಾವುದೇ ಕ್ಷಣದಲ್ಲಿ ಹಿಮ್ಮೈ ಅದರ ಎಷ್ಟನೇ ಪಾಲನ್ನು ಮುಟ್ಟಿದೆ ಎಂಬುದನ್ನು V ಎಂದು ಕರೆದರೆ, ಶಾಖ ವಹನದ ಸಮೀಕರಣ ಹೀಗೆ ಹೇಳುತ್ತದೆ:

```
x = exp(-π² α t / L²)
V = 1 - 2x + 2x⁴ - 2x⁹ + ...
```

ಇಲ್ಲಿ α ಉಷ್ಣ ವಿಸರಣತೆ, L ಬಿಲ್ಲೆಯ ದಪ್ಪ, t ಬೆಳಕಿನ ಮಿಡಿತದ ನಂತರ ಕಳೆದ ಕಾಲ. ಈ ಸರಣಿಯನ್ನು ಕಂಡು ಹಿಂಜರಿಯಬೇಕಿಲ್ಲ. ಬಿಲ್ಲೆಯೊಳಗಿನ ತಾಪದ ಏರುಪೇರನ್ನು ಹಲವು ಅಲೆಗಳ ಮೊತ್ತವೆಂದು ಭಾವಿಸಿದರೆ, ಪ್ರತಿ ಪದವೂ ಒಂದೊಂದು ಅಲೆ ಅಳಿಯುವುದನ್ನು ಹೇಳುತ್ತದೆ. ಚಿಕ್ಕ ಅಲೆಗಳು ಬಹಳ ಬೇಗ ಅಳಿದುಹೋಗುತ್ತವೆ, ಆದ್ದರಿಂದ ಸ್ವಲ್ಪ ಹೊತ್ತಿನ ನಂತರ ಮೊದಲ ಎರಡು ಮೂರು ಪದಗಳಷ್ಟೇ ಲೆಕ್ಕಕ್ಕೆ ಬರುತ್ತವೆ. ಈಗ V ಅರ್ಧವಾಗುವ ಕ್ಷಣವನ್ನು ಹುಡುಕೋಣ. x ಗೆ 0.2542 ಎಂಬ ಬೆಲೆ ಕೊಟ್ಟರೆ 2x ಎಂಬುದು 0.5084 ಆಗುತ್ತದೆ, 2x⁴ ಸುಮಾರು 0.0084 ಆಗುತ್ತದೆ, ಮುಂದಿನ ಪದ ಕಣ್ಣಿಗೆ ಕಾಣದಷ್ಟು ಸಣ್ಣದು. ಹಾಗಾಗಿ V ಸರಿಯಾಗಿ 0.5 ಆಗುತ್ತದೆ. 0.2542ರ ಸ್ವಾಭಾವಿಕ ಲಾಗರಿದಮ್ ಸುಮಾರು −1.37. ಅದನ್ನು π² ನಿಂದ ಭಾಗಿಸಿದರೆ 0.1388 ಬರುತ್ತದೆ, ಮತ್ತು ನಾವು ಹುಡುಕುತ್ತಿದ್ದ ಒಂದು ಸಾಲಿನ ಸೂತ್ರ ಕೈಗೆ ಸಿಗುತ್ತದೆ:

```
α = 0.1388 L² / t_half
```

1961ರ ಪ್ರಬಂಧದಲ್ಲಿ 1.37ರ ಜಾಗದಲ್ಲಿ 1.38 ಎಂದಿದೆ, ಹಳೆಯ ಪುಸ್ತಕಗಳಲ್ಲಿ ಆ ಅಂಕಿ ಕಂಡರೆ ಗೊಂದಲಪಡಬೇಕಾಗಿಲ್ಲ. ಮೇಲಿನಂತೆ ಯಾರು ಬೇಕಾದರೂ ಕ್ಯಾಲ್ಕ್ಯುಲೇಟರ್ ಹಿಡಿದು ಪರೀಕ್ಷಿಸಿಕೊಳ್ಳಬಹುದು.

ಈ ಸೂತ್ರದಲ್ಲಿ ಏನಿಲ್ಲ ಎಂಬುದನ್ನು ಗಮನಿಸಬೇಕು. ದೀಪ ಎಷ್ಟು ಶಾಖ ಕೊಟ್ಟಿತು ಎಂಬುದು ಇದರಲ್ಲಿಲ್ಲ. ಕಲ್ಲು ಅದರಲ್ಲಿ ಎಷ್ಟನ್ನು ಹೀರಿಕೊಂಡಿತು ಎಂಬುದೂ ಇಲ್ಲ. ಹಿಮ್ಮೈ ಎಷ್ಟು ಡಿಗ್ರಿ ಏರಿತು ಎಂಬುದು ಕೂಡ ಬೇಕಿಲ್ಲ, ಯಾಕೆಂದರೆ ನಾವು ಕೇಳುತ್ತಿರುವುದು ಅದು ತನ್ನದೇ ಕೊನೆಯ ಏರಿಕೆಯ ಅರ್ಧವನ್ನು ಯಾವಾಗ ಮುಟ್ಟಿತು ಎಂಬುದನ್ನಷ್ಟೇ. ಮಳೆಗಾಲದಲ್ಲಿ ವೋಲ್ಟೇಜ್ ಗಳಿಗೆಗೊಮ್ಮೆ ಏರಿಳಿಯುವ ನಮ್ಮ ಊರಿನಲ್ಲಿ ಇದು ದೊಡ್ಡ ಅನುಕೂಲ. ಒಂದು ಸಲ ದೀಪ ಮಂಕಾಗಿ, ಇನ್ನೊಂದು ಸಲ ಪ್ರಖರವಾಗಿ ಉರಿದರೆ ತಾಪದ ವಕ್ರರೇಖೆಯ ಎತ್ತರ ಬದಲಾಗುತ್ತದೆಯೇ ಹೊರತು ಅರ್ಧ ಏರಿಕೆಯ ಕಾಲ ಬದಲಾಗುವುದಿಲ್ಲ. ಇನ್ನು ಅರ್ಧವನ್ನೇ ಆರಿಸಿಕೊಳ್ಳುವುದು ಯಾಕೆಂದರೆ, ಏರಿಕೆಯ ಆರಂಭವು ಅಳತೆಯ ಗದ್ದಲದಲ್ಲಿ ಮುಳುಗಿರುತ್ತದೆ, ಕೊನೆಯ ಭಾಗ ಎಷ್ಟು ಸಮತಟ್ಟಾಗಿರುತ್ತದೆಂದರೆ ಅಲ್ಲಿ ಒಂದು ನಿರ್ದಿಷ್ಟ ಕ್ಷಣವನ್ನು ಬೊಟ್ಟುಮಾಡಿ ತೋರಿಸಲಾಗುವುದಿಲ್ಲ. ನಡುವೆ ರೇಖೆ ಇನ್ನೂ ಕಡಿದಾಗಿ ಏರುತ್ತಿರುವುದರಿಂದ ಕಾಲವನ್ನು ಸ್ಪಷ್ಟವಾಗಿ ಓದಬಹುದು.

ಸೂತ್ರದಲ್ಲಿರುವ ದಪ್ಪದ ವರ್ಗದ ಬಗ್ಗೆಯೂ ಒಂದು ಮಾತು. 1 ಮಿಲಿಮೀಟರ್ ದಪ್ಪದ ತಾಮ್ರದ ಬಿಲ್ಲೆಯ ಹಿಮ್ಮೈ ಸುಮಾರು 1.2 ಮಿಲಿಸೆಕೆಂಡಿನಲ್ಲಿ ಅರ್ಧ ಬಿಸಿಯಾಗಿಬಿಡುತ್ತದೆ. ಅದನ್ನು ಅಳೆಯಲು ಲೇಸರ್ ಮತ್ತು ವೇಗದ ಅತಿಗೆಂಪು ಸಂವೇದಕ ಬೇಕು. ಕಲ್ಲಿನ ವಿಸರಣತೆ ತಾಮ್ರದ ನೂರನೇ ಒಂದು ಪಾಲಿನಷ್ಟು, ಮೇಲಾಗಿ ಬಿಲ್ಲೆಯನ್ನು 6 ಮಿಲಿಮೀಟರ್ ದಪ್ಪಕ್ಕೆ ಕತ್ತರಿಸಿದರೆ ಕಾಲ ಮತ್ತೆ 36 ಪಟ್ಟಾಗುತ್ತದೆ. ಹೀಗೆ ಮಿಲಿಸೆಕೆಂಡಿನ ಪ್ರಯೋಗವು ನಾಲ್ಕು ಸೆಕೆಂಡಿನ ಪ್ರಯೋಗವಾಗುತ್ತದೆ, ಸಾಧಾರಣ ಕಾಲೇಜಿನ ಸಲಕರಣೆಯೇ ಸಾಕಾಗುತ್ತದೆ. ಆದರೆ ಈ ನಿಧಾನಗತಿಗೆ ತೆರಬೇಕಾದ ಬೆಲೆಯೂ ಇದೆ, ಅದನ್ನು ಮುಂದೆ ನೋಡೋಣ.

ನಮ್ಮ ಸಲಕರಣೆ ಹೀಗಿತ್ತು. ಕಲ್ಲನ್ನು ಕಟ್ಟರ್‌ನಲ್ಲಿ ಸುಮಾರು 8 ಸೆಂಟಿಮೀಟರ್ ಅಗಲದ, 6.00 ಮಿಲಿಮೀಟರ್ ದಪ್ಪದ ಬಿಲ್ಲೆಯಾಗಿ ಕತ್ತರಿಸಿ ಉಜ್ಜಿಸಿದೆವು. ದಪ್ಪವನ್ನು ಒಂದೇ ಕಡೆ ಅಳೆದು ಸುಮ್ಮನಾಗಬಾರದು. ಸೂತ್ರದಲ್ಲಿ ದಪ್ಪದ ವರ್ಗವಿರುವುದರಿಂದ, 0.05 ಮಿಲಿಮೀಟರ್ ತಪ್ಪಿದರೂ ಉತ್ತರ ಶೇಕಡಾ 1.7ರಷ್ಟು ತಪ್ಪುತ್ತದೆ. ಸ್ಕ್ರೂಗೇಜ್ ಹಿಡಿದು ನಡುವೆಯೂ ಅಂಚುಗಳಲ್ಲಿಯೂ ಅಳೆದು, ಬಿಲ್ಲೆ ಒಂದು ಬದಿಗೆ ಓರೆಯಾಗಿಲ್ಲವೆಂದು ಖಚಿತಪಡಿಸಿಕೊಂಡೆವು. ನಮ್ಮ ಹವೆಯಲ್ಲಿ ಕಲ್ಲಿನ ಸಣ್ಣ ರಂಧ್ರಗಳು ತೇವ ಹಿಡಿದಿರುತ್ತವೆ, ಮತ್ತು ನೀರು ತುಂಬಿದ ರಂಧ್ರ ಗಾಳಿ ತುಂಬಿದ ರಂಧ್ರದಂತೆ ವರ್ತಿಸುವುದಿಲ್ಲ. ಅದಕ್ಕಾಗಿ ಬಿಲ್ಲೆಯನ್ನು 105 ಡಿಗ್ರಿ ಒಲೆಯಲ್ಲಿ ಒಂದು ರಾತ್ರಿ ಒಣಗಿಸಿ, ಮುಚ್ಚಿದ ಡಬ್ಬಿಯಲ್ಲಿ ತಣಿಸಿದೆವು.

ಮುಮ್ಮೈಗೆ ತೆಳುವಾಗಿ ಗ್ರಾಫೈಟ್ ಬಳಿದೆವು. ಕಲ್ಲಿನಲ್ಲಿರುವ ಬೆಣಚು ಮತ್ತು ಫೆಲ್ಸ್ಪಾರ್ ಹರಳುಗಳು ಬೆಳಕನ್ನು ಒಂದಿಷ್ಟು ಒಳಕ್ಕೆ ಬಿಟ್ಟುಕೊಳ್ಳುತ್ತವೆ. ಹಾಗಾದರೆ ಶಾಖ ಮೇಲ್ಮೈಯಲ್ಲೇ ಹುಟ್ಟಬೇಕೆಂಬ ಲೆಕ್ಕದ ಷರತ್ತು ಮುರಿಯುತ್ತದೆ. ಅದು ಮುರಿದಿದ್ದರೆ ಗೊತ್ತಾಗುವುದು ಸುಲಭ: ಹಿಮ್ಮೈಯ ತಾಪ ಕದಲದೆ ಇರಬೇಕಾದ ಮೊದಲ ಗಳಿಗೆಯಲ್ಲಿಯೇ ಒಂದು ಸಣ್ಣ ಜಿಗಿತ ಕಾಣಿಸಿಕೊಳ್ಳುತ್ತದೆ. ಅಂಚಿನ ಸಂದಿಯಿಂದ ಬೆಳಕು ಹಿಂದಕ್ಕೆ ಸೋರಿದರೂ ಇದೇ ಜಿಗಿತ ಬರುತ್ತದೆ.

ಬೆಳಕಿಗೆ 1000 ವಾಟಿನ ಹ್ಯಾಲೊಜೆನ್ ದೀಪವನ್ನು ಬಳಸಿದೆವು. ದೀಪದ ತಂತಿ ಕಾಯಲು ಹೊತ್ತು ಬೇಕಾಗುವುದರಿಂದ ಅದನ್ನು ಮೊದಲೇ ಉರಿಸಿಟ್ಟು, ನಡುವೆ ಅಲ್ಯೂಮಿನಿಯಂ ತಗಡಿನ ಬಾಗಿಲೊಂದನ್ನು ಸಣ್ಣ ಸರ್ವೋ ಮೋಟಾರಿನಿಂದ ಅರ್ಧ ಸೆಕೆಂಡ್ ತೆರೆದು ಮುಚ್ಚಿದೆವು. ಬಿಲ್ಲೆಯ ಪಕ್ಕದಲ್ಲೊಂದು ಫೋಟೊಡಯೋಡ್ ಇಟ್ಟಿದ್ದರಿಂದ ಬೆಳಕು ಯಾವಾಗ ಬಂತು, ಯಾವಾಗ ನಿಂತಿತು ಎಂಬುದೂ ದಾಖಲಾಗುತ್ತಿತ್ತು. ಬಿಲ್ಲೆಯನ್ನು ಇಕ್ಕಳದಲ್ಲಿ ಬಿಗಿಯದೆ ಮೂರು ಮೊನಚಾದ ಕಾರ್ಕ್ ತುಂಡುಗಳ ಮೇಲೆ ನಿಲ್ಲಿಸಿದೆವು. ಹಿಮ್ಮೈಯ ನಡುವೆ ಕೂದಲೆಳೆಯಷ್ಟು ತೆಳುವಾದ ಕೆ-ಬಗೆಯ ಥರ್ಮೋಕಪಲ್ ಅನ್ನು ಒಂದು ಹನಿ ಬೆಳ್ಳಿಯ ಬಣ್ಣದಿಂದ ಅಂಟಿಸಿದೆವು. ಇಲ್ಲಿ ದಪ್ಪ ಅಂಟು ಬಳಸಿದರೆ ಬಿಸಿ ಮೊದಲು ಅಂಟನ್ನು ದಾಟಬೇಕಾಗುತ್ತದೆ, ಆ ತಡ ಕಲ್ಲಿನ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ.

ತಾಪ ಏರುವುದು ಎರಡು ಡಿಗ್ರಿಯಷ್ಟು ಮಾತ್ರ. ಹೆಚ್ಚು ಏರಿಸಬೇಕಾಗಿಯೂ ಇಲ್ಲ, ಯಾಕೆಂದರೆ ತಾಪ ಬದಲಾದರೆ ವಿಸರಣತೆಯೇ ಬದಲಾಗುತ್ತದೆ. ಆದರೆ ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗುವ ಥರ್ಮೋಕಪಲ್ ಮಾಡ್ಯೂಲ್‌ಗಳು 0.25 ಡಿಗ್ರಿಯ ಮೆಟ್ಟಿಲುಗಳಲ್ಲಿ ಓದು ಕೊಡುತ್ತವೆ. ಎರಡು ಡಿಗ್ರಿಯ ಏರಿಕೆಯಲ್ಲಿ ಎಂಟೇ ಮೆಟ್ಟಿಲು ಸಿಕ್ಕರೆ ಅರ್ಧವೆಲ್ಲಿದೆ ಎಂದು ಗುರುತಿಸಲಾಗದು. ಕೆ-ಬಗೆಯ ಥರ್ಮೋಕಪಲ್ ಒಂದು ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಕೊಡುತ್ತದೆ. ಅದನ್ನು ಆಂಪ್ಲಿಫೈಯರ್‌ನಲ್ಲಿ ನೂರು ಪಟ್ಟು ಹೆಚ್ಚಿಸಿ 16 ಬಿಟ್ ಪರಿವರ್ತಕಕ್ಕೆ ಕೊಟ್ಟಾಗ ಡಿಗ್ರಿಯ ನೂರನೇ ಒಂದು ಪಾಲು ಕಾಣತೊಡಗಿತು. ಮಿಡಿತಕ್ಕೆ ಮೊದಲು ಅರ್ಧ ನಿಮಿಷ ಸುಮ್ಮನೆ ದಾಖಲಿಸುವುದು ಕೂಡ ಅಗತ್ಯ. ಕೋಣೆಯ ತಾಪ ಮೆಲ್ಲನೆ ಸರಿಯುತ್ತಿದ್ದರೆ ಆ ಓರೆಯನ್ನು ಮುಂದಕ್ಕೆ ಎಳೆದು ಇಡೀ ರೇಖೆಯಿಂದ ಕಳೆಯಬಹುದು. ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ ಕುಳಿತೆವು.

ಈಗ ಅಂಕಿಗಳಿಗೆ ಬರೋಣ. ಬಾಗಿಲು ತೆರೆದ ಕ್ಷಣವನ್ನು ಸೊನ್ನೆ ಎಂದು ಹಿಡಿದರೆ ಹಿಮ್ಮೈಯ ತಾಪ ಸುಮಾರು 18 ಸೆಕೆಂಡಿನಲ್ಲಿ ತನ್ನ ಗರಿಷ್ಠವಾದ 1.92 ಡಿಗ್ರಿ ಏರಿಕೆಯನ್ನು ಮುಟ್ಟಿತು. ಅದರ ಅರ್ಧವಾದ 0.96 ಡಿಗ್ರಿಯನ್ನು ದಾಟಿದ್ದು 4.32 ಸೆಕೆಂಡಿನಲ್ಲಿ. ಸೂತ್ರಕ್ಕೆ ಹಾಕಿದರೆ, 36ನ್ನು 0.1388ರಿಂದ ಗುಣಿಸಿ 4.32ರಿಂದ ಭಾಗಿಸಿದಾಗ 1.16 ಬರುತ್ತದೆ. ಗ್ರಾನೈಟ್ ಜಾತಿಯ ಕಲ್ಲುಗಳಿಗೆ ಇದು ನಂಬಬಹುದಾದ ಅಂಕಿಯೇ. ಬಹಳ ಜನ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ, ನಮ್ಮ ವಿದ್ಯಾರ್ಥಿಗಳೂ ನಿಲ್ಲಿಸಲು ಸಿದ್ಧರಿದ್ದರು.

ಆದರೆ ಇದರಲ್ಲಿ ಎರಡು ತಪ್ಪುಗಳು ಅಡಗಿವೆ. ಮೊದಲನೆಯದು ಕಾಲದ ಸೊನ್ನೆಯದು. ಸರಣಿಯ ಲೆಕ್ಕ ಶಾಖವೆಲ್ಲ ಒಂದೇ ಕ್ಷಣದಲ್ಲಿ ಬಂತೆಂದು ಭಾವಿಸುತ್ತದೆ. ನಮ್ಮ ಶಾಖ ಅರ್ಧ ಸೆಕೆಂಡಿನುದ್ದಕ್ಕೂ ಬಂತು. ಬಾಗಿಲು ತೆರೆದ ಕ್ಷಣದಿಂದ ಗಡಿಯಾರ ಎಣಿಸಿದರೆ, ಕೊನೆಗೆ ಬಂದ ಶಾಖಕ್ಕೂ ಮೊದಲು ಬಂದ ಶಾಖದಷ್ಟೇ ಹೊತ್ತು ಸಿಕ್ಕಿತೆಂದು ತಪ್ಪಾಗಿ ಎಣಿಸಿದಂತಾಗುತ್ತದೆ. ಅಜುಮಿ ಮತ್ತು ತಕಹಾಶಿ 1981ರಲ್ಲಿ ಇದಕ್ಕೆ ಸರಳವಾದ ಪರಿಹಾರ ಸೂಚಿಸಿದರು: ಬೆಳಕಿನ ಮಿಡಿತದ ಗುರುತ್ವಕೇಂದ್ರ ಎಲ್ಲಿದೆಯೋ ಆ ಕ್ಷಣವನ್ನೇ ಸೊನ್ನೆ ಎಂದು ಹಿಡಿಯಬೇಕು. ಮಿಡಿತವು ಅರ್ಧ ಏರಿಕೆಯ ಕಾಲಕ್ಕಿಂತ ಸಾಕಷ್ಟು ಚಿಕ್ಕದಾಗಿದ್ದರೆ ಇದು ಬಹಳ ಚೆನ್ನಾಗಿ ನಡೆಯುತ್ತದೆ. ಫೋಟೊಡಯೋಡಿನ ದಾಖಲೆಯಲ್ಲಿ ನಮ್ಮ ಮಿಡಿತ ಬಹುತೇಕ ಆಯತಾಕಾರವಾಗಿತ್ತು, ಹಾಗಾಗಿ ಅದರ ಕೇಂದ್ರ 0.25 ಸೆಕೆಂಡಿನಲ್ಲಿದೆ. ಅರ್ಧ ಏರಿಕೆಯ ನಿಜವಾದ ಕಾಲ 4.07 ಸೆಕೆಂಡ್. ಈಗ ಉತ್ತರ 1.23.

ಎರಡನೆಯ ತಪ್ಪು, ನಾನು ಹೇಳಿದ ನಿಧಾನಗತಿಯ ಬೆಲೆ. ಪ್ರಯೋಗ ಸೆಕೆಂಡುಗಟ್ಟಲೆ ನಡೆಯುವಾಗ ಬಿಲ್ಲೆ ಎರಡೂ ಬದಿಗಳಿಂದ ಗಾಳಿಗೆ ಶಾಖ ಬಿಟ್ಟುಕೊಡುತ್ತಿರುತ್ತದೆ. ಇದನ್ನು ರೇಖೆಯೇ ತೋರಿಸುತ್ತದೆ: ಗರಿಷ್ಠವನ್ನು ಮುಟ್ಟಿದ ಮೇಲೆ ಅದು ಸಮತಟ್ಟಾಗಿ ನಿಲ್ಲದೆ ಮೆಲ್ಲನೆ ಇಳಿಯತೊಡಗುತ್ತದೆ. 42ನೇ ಸೆಕೆಂಡಿನ ಹೊತ್ತಿಗೆ ನಮ್ಮ ರೇಖೆ ಗರಿಷ್ಠಕ್ಕಿಂತ ಶೇಕಡಾ 3ರಷ್ಟು ಕೆಳಗಿಳಿದಿತ್ತು. ಶಾಖ ಸೋರದಿದ್ದರೆ ಮುಟ್ಟಬೇಕಾಗಿದ್ದ ಎತ್ತರವನ್ನು ಅದು ಮುಟ್ಟಲೇ ಇಲ್ಲ. ಗರಿಷ್ಠವೇ ತಗ್ಗಿದ್ದರಿಂದ ಅದರ ಅರ್ಧವೂ ತಗ್ಗಿತು, ತಗ್ಗಿದ ಅರ್ಧವನ್ನು ಹಿಮ್ಮೈ ಬೇಗನೆ ದಾಟಿತು. ಹೀಗೆ ಶಾಖನಷ್ಟವು ಕಲ್ಲನ್ನು ಇರುವುದಕ್ಕಿಂತ ಚುರುಕಾದದ್ದೆಂದು ತೋರಿಸುತ್ತದೆ. ಶಾಖ ಸೋರಿದರೆ ಬಿಸಿಯಾಗುವುದು ತಡವಾಗಬೇಕಲ್ಲವೇ ಎಂದು ಮೊದಲಿಗೆ ಅನ್ನಿಸುತ್ತದೆ, ವಿದ್ಯಾರ್ಥಿಗಳು ಪ್ರತಿವರ್ಷ ಇದನ್ನು ಕೇಳುತ್ತಾರೆ. ಅರ್ಧವನ್ನು ನಾವು ರೇಖೆಯ ಸ್ವಂತ ಗರಿಷ್ಠದಿಂದಲೇ ಅಳೆಯುತ್ತೇವೆ ಎಂಬುದನ್ನು ನೆನಪಿಟ್ಟುಕೊಂಡರೆ ಸಂಶಯ ಪರಿಹಾರವಾಗುತ್ತದೆ.

ಶಾಖನಷ್ಟ ಎಷ್ಟೆಂದು ತಿಳಿಯಲು ರೇಖೆಯ ಆಕಾರವನ್ನೇ ಕೇಳಬಹುದು. ನಷ್ಟವಿಲ್ಲದ ರೇಖೆಯಲ್ಲಿ ಮುಕ್ಕಾಲು ಏರಿಕೆಯ ಕಾಲವನ್ನು ಕಾಲುಭಾಗ ಏರಿಕೆಯ ಕಾಲದಿಂದ ಭಾಗಿಸಿದರೆ ಯಾವ ವಸ್ತುವಿಗಾದರೂ ಸುಮಾರು 2.27 ಬರುತ್ತದೆ. ನಷ್ಟ ಹೆಚ್ಚಿದಂತೆ ಈ ಅನುಪಾತ ಕಡಿಮೆಯಾಗುತ್ತದೆ, ಯಾಕೆಂದರೆ ನಷ್ಟದ ಹೊಡೆತ ಏರಿಕೆಯ ಮೇಲ್ಭಾಗಕ್ಕೆ ಹೆಚ್ಚು ತಗಲುತ್ತದೆ. ಕ್ಲಾರ್ಕ್ ಮತ್ತು ಟೇಲರ್ 1975ರಲ್ಲಿ ಈ ಅನುಪಾತದಿಂದಲೇ ತಿದ್ದಿದ ಗುಣಾಂಕವನ್ನು ಕೊಡುವ ಸೂತ್ರವನ್ನು ಪ್ರಕಟಿಸಿದರು:

```
R = t_75 / t_25
K = -0.3461467 + 0.361578 R - 0.06520543 R²
α = K L² / t_half
```

0.1388ರ ಜಾಗದಲ್ಲಿ K ಬಂದಿದೆ, ಅಷ್ಟೇ ವ್ಯತ್ಯಾಸ. ನಮ್ಮ ರೇಖೆಯಲ್ಲಿ, ಮಿಡಿತದ ಕೇಂದ್ರದಿಂದ ಎಣಿಸಿದರೆ, ಕಾಲುಭಾಗ ಏರಿಕೆ 2.74 ಸೆಕೆಂಡಿಗೆ, ಮುಕ್ಕಾಲು ಏರಿಕೆ 6.09 ಸೆಕೆಂಡಿಗೆ ಬಂದಿತ್ತು. ಅನುಪಾತ 2.22. ಅದರಿಂದ K ಬೆಲೆ 0.1354 ಆಗುತ್ತದೆ, ಉತ್ತರ ಚದರ ಮಿಲಿಮೀಟರಿನಲ್ಲಿ ಸೆಕೆಂಡಿಗೆ 1.20.

ತಿದ್ದದ ಉತ್ತರ 1.16, ತಿದ್ದಿದ್ದು 1.20. ಅಂತರ ದೊಡ್ಡದಲ್ಲವಲ್ಲ, ಇಷ್ಟು ಶ್ರಮ ಯಾಕೆ ಎಂದು ಯಾರಾದರೂ ಕೇಳಬಹುದು. ಅಂತರ ಚಿಕ್ಕದಾಗಿರುವುದಕ್ಕೆ ಕಾರಣ ಒಂದು ತಪ್ಪು ಉತ್ತರವನ್ನು ಸುಮಾರು ಶೇಕಡಾ 6ರಷ್ಟು ಕೆಳಕ್ಕೆ ಎಳೆದಿತ್ತು, ಇನ್ನೊಂದು ಶೇಕಡಾ 2ಕ್ಕೂ ಹೆಚ್ಚು ಮೇಲಕ್ಕೆ ತಳ್ಳಿತ್ತು. ಎರಡೂ ಒಂದನ್ನೊಂದು ಅರೆಬರೆ ಮುಚ್ಚಿಕೊಂಡಿದ್ದವು. ಇನ್ನೊಂದು ದಪ್ಪದ ಬಿಲ್ಲೆಯಲ್ಲಿ ಹೀಗೆ ಮುಚ್ಚಿಕೊಳ್ಳುತ್ತವೆ ಎಂಬ ಖಾತರಿಯಿಲ್ಲ.

ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದು ಇದಕ್ಕಿಂತ ಗಂಭೀರ. ನಮ್ಮ ಒಬ್ಬ ವಿದ್ಯಾರ್ಥಿ ಕಾಲದ ಸೊನ್ನೆಯನ್ನು ಸರಿಪಡಿಸದೆ ನೇರವಾಗಿ ಶಾಖನಷ್ಟದ ತಿದ್ದುಪಡಿಗೆ ಹೋದ. ಬಾಗಿಲು ತೆರೆದ ಕ್ಷಣದಿಂದ ಎಣಿಸಿದಾಗ ಕಾಲುಭಾಗದ ಕಾಲ 2.99, ಮುಕ್ಕಾಲರ ಕಾಲ 6.34, ಅನುಪಾತ 2.12. ಎರಡು ಕಾಲಗಳಿಗೂ ಒಂದೇ 0.25 ಸೇರಿದಾಗ ಚಿಕ್ಕದಾದ ಮೊದಲಿನದು ಅನುಪಾತದಲ್ಲಿ ಹೆಚ್ಚು ಬೆಳೆಯುತ್ತದೆ, ಭಾಗಲಬ್ಧ ಕುಗ್ಗುತ್ತದೆ. ಸೂತ್ರಕ್ಕೆ ಇದು ತಡವೆಂದು ಗೊತ್ತಾಗುವುದಿಲ್ಲ, ಭಾರಿ ಶಾಖನಷ್ಟವಾಗಿದೆ ಎಂದೇ ಅದು ತಿಳಿಯುತ್ತದೆ. K ಬೆಲೆ 0.1273ಕ್ಕೆ ಇಳಿದು ಉತ್ತರ 1.06 ಬಂತು. ಯಾವ ತಿದ್ದುಪಡಿಯನ್ನೂ ಮಾಡದಿದ್ದರೆ ಶೇಕಡಾ 4ರಷ್ಟಿರುತ್ತಿದ್ದ ತಪ್ಪು, ಒಂದು ತಿದ್ದುಪಡಿಯನ್ನು ಮಾತ್ರ ಮಾಡಿದ್ದರಿಂದ ಶೇಕಡಾ 12ಕ್ಕೆ ಏರಿತು. ಆದ್ದರಿಂದ ಮೊದಲು ಕಾಲದ ಸೊನ್ನೆ, ಆಮೇಲೆ ಆಕಾರದ ಅನುಪಾತ. ತಾನು ಮಾಡಿದ್ದು ತಪ್ಪೆಂದು ಅವನಿಗೆ ಸುಳಿವು ಕೊಟ್ಟದ್ದು ರೇಖೆಯ ಬಾಲ: ಅನುಪಾತ 2.12 ಆಗುವಷ್ಟು ಶಾಖ ಸೋರಿದ್ದರೆ 42ನೇ ಸೆಕೆಂಡಿಗೆ ರೇಖೆ ಶೇಕಡಾ 3ಕ್ಕಿಂತ ಬಹಳ ಹೆಚ್ಚು ಇಳಿದಿರಬೇಕಾಗಿತ್ತು. ಅನುಪಾತ ಒಂದು ಹೇಳಿ ಬಾಲ ಇನ್ನೊಂದು ಹೇಳಿದರೆ, ಎಲ್ಲೋ ಒಂದು ತಡ ಎಣಿಕೆಗೆ ಸಿಗದೆ ಉಳಿದಿದೆ ಎಂದು ಅರ್ಥ.

ಆ ತಡ ಯಾವಾಗಲೂ ಬಾಗಿಲಿನದೇ ಆಗಿರಬೇಕಿಲ್ಲ. ಥರ್ಮೋಕಪಲ್‌ನ ಕೆಳಗಿನ ದಪ್ಪ ಅಂಟು, ಮುಮ್ಮೈಯ ದಪ್ಪ ಗ್ರಾಫೈಟ್ ಲೇಪ, ಗದ್ದಲ ಕಡಿಮೆ ಮಾಡಲು ಸರ್ಕ್ಯೂಟಿಗೆ ಹಾಕಿದ ಫಿಲ್ಟರ್, ಇವೆಲ್ಲ ಅದೇ ಬಗೆಯ ತಡವನ್ನು ಸೇರಿಸುತ್ತವೆ. ಫೋಟೊಡಯೋಡ್ ಇವನ್ನು ಕಾಣಲಾರದು. ಇವನ್ನು ಹಿಡಿಯಲು ನನಗೆ ಅತ್ಯಂತ ನಂಬಿಕೆಯಿರುವ ಪರೀಕ್ಷೆ ಒಂದೇ ಕಲ್ಲಿನಿಂದ ಬೇರೆ ಬೇರೆ ದಪ್ಪದ ಬಿಲ್ಲೆಗಳನ್ನು ಕತ್ತರಿಸಿ ಅಳೆಯುವುದು. ವಿಸರಣತೆ ಕಲ್ಲಿನ ಗುಣ, ಅದು ದಪ್ಪವನ್ನು ಅವಲಂಬಿಸಬಾರದು. ತಪ್ಪುಗಳು ಮಾತ್ರ ದಪ್ಪವನ್ನು ಅವಲಂಬಿಸುತ್ತವೆ, ಅದೂ ವಿರುದ್ಧ ದಿಕ್ಕುಗಳಲ್ಲಿ. ಬಿಲ್ಲೆ ತೆಳುವಾದಂತೆ ಅರ್ಧ ಏರಿಕೆಯ ಕಾಲ ದಪ್ಪದ ವರ್ಗದಂತೆ ಕುಗ್ಗುತ್ತದೆ, ಅದೇ ತಡ ಅದರಲ್ಲಿ ಹೆಚ್ಚು ದೊಡ್ಡ ಪಾಲಾಗುತ್ತದೆ. ಬಿಲ್ಲೆ ದಪ್ಪವಾದಂತೆ ಶಾಖ ಸೋರಲು ಹೆಚ್ಚು ಹೊತ್ತು ಸಿಗುತ್ತದೆ.

ನಾವು 4, 6 ಮತ್ತು 9 ಮಿಲಿಮೀಟರ್ ಬಿಲ್ಲೆಗಳನ್ನು ಅಳೆದಾಗ, ಏನನ್ನೂ ತಿದ್ದದ ಉತ್ತರಗಳು 1.07, 1.16 ಮತ್ತು 1.21 ಬಂದವು. ದಪ್ಪದೊಂದಿಗೆ ಒಂದೇ ದಿಕ್ಕಿನಲ್ಲಿ ಏರುತ್ತಿರುವ ಈ ಸಾಲೇ ತಡದ ಗುರುತು. ಎರಡೂ ತಿದ್ದುಪಡಿಗಳನ್ನು ಸರಿಯಾದ ಕ್ರಮದಲ್ಲಿ ಮಾಡಿದಾಗ ಮೂರೂ 1.20ರ ಆಸುಪಾಸಿಗೆ ಬಂದು ಸೇರಿದವು. ಅಂಟಿನ ತಡ ಇನ್ನೂ ಉಳಿದಿದ್ದರೆ 4 ಮಿಲಿಮೀಟರಿನ ಬಿಲ್ಲೆ ಉಳಿದೆರಡಕ್ಕಿಂತ ಕೆಳಗೆ ಬೀಳುತ್ತಿತ್ತು. ಒಂದೇ ಬಿಲ್ಲೆಯನ್ನು ಹತ್ತು ಸಲ ಅಳೆದು ಸರಾಸರಿ ತೆಗೆಯುವುದರಿಂದ ಈ ವಿಷಯ ತಿಳಿಯುವುದಿಲ್ಲ, ಹತ್ತು ಸಲವೂ ತಡ ಅಷ್ಟೇ ಇರುತ್ತದೆ.

ಬಿಲ್ಲೆಯನ್ನು 4 ಮಿಲಿಮೀಟರಿಗಿಂತ ತೆಳುವಾಗಿಸಲು ನಾನು ಒಪ್ಪಲಿಲ್ಲ. ಅಷ್ಟು ತೆಳುವಾದಾಗ ಕಲ್ಲಿನ ಹರಳುಗಳ ಗಾತ್ರ ಬಿಲ್ಲೆಯ ದಪ್ಪಕ್ಕೆ ಸಮೀಪಿಸುತ್ತದೆ, ಥರ್ಮೋಕಪಲ್ ಅಂಟಿದ ಜಾಗದ ಹಿಂದೆ ಒಂದು ದೊಡ್ಡ ಬೆಣಚು ಹರಳಿದ್ದರೆ ನಾವು ಕಲ್ಲನ್ನು ಬಿಟ್ಟು ಬೆಣಚನ್ನೇ ಅಳೆದಂತಾಗುತ್ತದೆ. ನಮ್ಮ ಭಾಗದ ನೈಸ್ ಕಲ್ಲುಗಳಲ್ಲಿ ಪಟ್ಟೆಗಳೂ ಇರುತ್ತವೆ. ಪಟ್ಟೆಯುದ್ದಕ್ಕೆ ಶಾಖ ಹರಿಯುವ ವೇಗವೂ ಪಟ್ಟೆಗೆ ಅಡ್ಡಲಾಗಿ ಹರಿಯುವ ವೇಗವೂ ಒಂದೇ ಅಲ್ಲ. ಹಿಮ್ಮೈಯ ಅರ್ಧ ಏರಿಕೆ ದಪ್ಪದ ದಿಕ್ಕಿನ ವಿಸರಣತೆಯನ್ನಷ್ಟೇ ಹೇಳುತ್ತದೆ, ಆದ್ದರಿಂದ ಚಪ್ಪಡಿಯನ್ನು ಕಣದಲ್ಲಿ ಹೇಗೆ ಮಲಗಿಸುತ್ತಾರೋ ಅದೇ ದಿಕ್ಕಿಗೆ ಬಿಲ್ಲೆಯನ್ನು ಕತ್ತರಿಸಿಕೊಂಡೆವು.

ಬೆಳೆಗಾರರಿಗೆ ಉತ್ತರ ಹೇಳುವಾಗ ಒಂದು ಎಚ್ಚರ ಬೇಕಾಯಿತು. ವಿಸರಣತೆ ಗೊತ್ತಾದರೆ ಹಗಲಿನ ಬಿಸಿಯ ಅಲೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಹೇಳಬಹುದು. ವಿಸರಣತೆಯನ್ನು ಒಂದು ದಿನದ ಸೆಕೆಂಡುಗಳಿಂದ ಗುಣಿಸಿ, π ನಿಂದ ಭಾಗಿಸಿ ವರ್ಗಮೂಲ ತೆಗೆದರೆ, ಮೇಲ್ಮೈಯ ಏರಿಳಿತವು ಸುಮಾರು ಮೂರನೇ ಒಂದು ಪಾಲಿಗೆ ಕುಗ್ಗುವ ಆಳ ಸಿಗುತ್ತದೆ. ಈ ಕಲ್ಲಿಗೆ ಅದು ಸುಮಾರು 18 ಸೆಂಟಿಮೀಟರ್, ವಿಸರಣತೆ 0.7 ಇರುವ ಕಾಂಕ್ರೀಟಿಗೆ ಸುಮಾರು 14. ಆದರೆ ಸಂಜೆಯ ಹೊತ್ತಿಗೆ ಕಣ ಎಷ್ಟು ಶಾಖವನ್ನು ಹಿಡಿದಿಟ್ಟಿರುತ್ತದೆ ಎಂಬುದನ್ನು ವಿಸರಣತೆ ಒಂದೇ ಹೇಳಲಾರದು, ಅದಕ್ಕೆ ಸಾಂದ್ರತೆ ಮತ್ತು ವಿಶಿಷ್ಟೋಷ್ಣ ಬೇಕು. ಸಾಂದ್ರತೆಯನ್ನು ತಕ್ಕಡಿ ಮತ್ತು ನೀರಿನ ಪಾತ್ರೆಯಲ್ಲಿ ತೂಗಿ ತೆಗೆದೆವು, ಘನ ಮೀಟರಿಗೆ 2700 ಕಿಲೋಗ್ರಾಂ ಬಂತು. ವಿಶಿಷ್ಟೋಷ್ಣವನ್ನು ಇಂತಹ ಕಲ್ಲುಗಳಿಗೆ ಸಾಮಾನ್ಯವಾದ 800 ಎಂದು ಹಿಡಿದರೆ ಉಷ್ಣವಾಹಕತೆ ಸುಮಾರು 2.6 ವಾಟ್ ಪ್ರತಿ ಮೀಟರ್ ಪ್ರತಿ ಡಿಗ್ರಿ ಆಗುತ್ತದೆ. ಆ 800 ಊಹೆಯದಾದ್ದರಿಂದ 2.6 ಕೂಡ ಅಷ್ಟೇ ಮಟ್ಟಿಗೆ ಊಹೆಯದು ಎಂದು ಅವರಿಗೆ ಕೊಟ್ಟ ಹಾಳೆಯಲ್ಲಿ ಬರೆದಿದ್ದೇನೆ. 1.20 ಮಾತ್ರ ಅಳೆದದ್ದು. ಹಳೆಯ ಕಣ ಒಡೆದಾಗ ಸಿಮೆಂಟಿನ ತುಂಡೊಂದನ್ನು ಎತ್ತಿಡಲು ಹೇಳಿದ್ದೇನೆ. ಕಾಂಕ್ರೀಟಿನ 0.7 ಎಂಬುದು ಪುಸ್ತಕದ ಅಂಕಿ, ಆ ತುಂಡು ಬಂದ ಮೇಲೆ ಅದನ್ನೂ ಇದೇ ಬಾಗಿಲಿನ ಮುಂದೆ ನಿಲ್ಲಿಸಬೇಕು.